ಪಾಲಿನ ಮಾತು ಜಗಳಕ್ಕೆ ತಿರುಗಿದಾಗ ನಡುವೆ ಕುಳಿತವನು ಹೇಗೆ ಕೇಳಬೇಕು, ಏನು ಹೇಳಬೇಕು?

ತಿಪಟೂರಿನ ಮಾವ

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಾಲಾ ಶಿಕ್ಷಕ. ನಮ್ಮ ಭಾವನವರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅವರು ಸ್ವಂತ ದುಡಿಮೆಯಿಂದ ಕೊಂಡ 3 ಎಕರೆ 20 ಗುಂಟೆ ತೆಂಗಿನ ತೋಟ, ಅದರಲ್ಲಿ ಒಂದೇ ಒಂದು ಕೊಳವೆಬಾವಿ, ಊರೊಳಗೆ ಒಂದು ಹೆಂಚಿನ ಮನೆ ಇವೆ. ವಿಲ್ ಬರೆದಿಟ್ಟಿಲ್ಲ. ಹಿರಿಯ ಮಗ ಊರಿನಲ್ಲೇ ಉಳಿದು ತೋಟ ನೋಡಿಕೊಂಡವನು, ಕಿರಿಯವನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಮಗಳನ್ನು ಅರಸೀಕೆರೆಗೆ ಕೊಟ್ಟಿದೆ. ಮೂರು ಪಾಲು ಹೇಗೆ ಆಗಬೇಕೆಂದು ಮಾತನಾಡಲು ಸೋದರಮಾವನಾದ ನನ್ನನ್ನು ನಡುವೆ ಕೂರಿಸಿದರು.

ಮೊದಲ ಬೈಠಕ್ಕು ನಲವತ್ತು ನಿಮಿಷವೂ ನಡೆಯಲಿಲ್ಲ. ಮಗಳು, "ಅಟ್ಟದ ಮೇಲಿನ ಕಾಯಿ ಎಷ್ಟಿದೆ, ಅಪ್ಪ ಇದ್ದಾಗ ಕೆಡವಿದ್ದೆಷ್ಟು?" ಎಂದು ಕೇಳಿದಳು. ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಲು ಬಿಡುವುದು ನಮ್ಮ ಕಡೆಯ ವಾಡಿಕೆಯಾದ್ದರಿಂದ ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಆದರೆ ಹಿರಿಯವನಿಗೆ ತನ್ನನ್ನು ಕಳ್ಳನೆಂದು ಕರೆದಂತಾಯಿತು. "ಅಪ್ಪ ಹಾಸಿಗೆ ಹಿಡಿದಾಗ ಒಬ್ಬರೂ ಬರಲಿಲ್ಲ, ಈಗ ಪಾಲು ಕೇಳಲು ಕಾರು ಮಾಡಿಕೊಂಡು ಬಂದಿದ್ದೀರಿ" ಎಂದ. ಸಮಾಧಾನ ಮಾಡೋಣವೆಂದು ನಾನು, "ನಿನ್ನ ಕಷ್ಟ ನನಗೆ ಅರ್ಥವಾಗುತ್ತದಪ್ಪ" ಎಂದೆ. ತಕ್ಷಣ ಮಗಳು, "ಮಾವ, ನೀವೂ ಅವನ ಕಡೆಯೇ ಆದಿರಾ?" ಎಂದಳು. ಹಿರಿಯವನು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಇನ್ನೊಂದು ಬೈಠಕ್ಕಿಗೆ ಎಲ್ಲರೂ ಒಪ್ಪಿದ್ದಾರೆ. ಈ ಸಲ ನಾನು ಯಾವ ಮಾತಿಗೆ ಹೇಗೆ ಪ್ರತಿಕ್ರಿಯಿಸಬೇಕೆಂದು ಅನುಭವಿಗಳು ತಿಳಿಸಿಕೊಡಬೇಕು.

ಕಿವಿಮಾತು

ಮಾವನವರೇ, ನಾನು ಖಾಸಗಿ ಕಂಪನಿಯೊಂದರಲ್ಲಿ ಉದ್ಯೋಗಿಗಳಿಗೆ ಸಂವಹನ ತರಬೇತಿ ಕೊಡುತ್ತೇನೆ. ನೀವು ಮಾಡಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ, ಸ್ವಲ್ಪ ಕಡಿಮೆಯಾಯಿತು ಅಷ್ಟೆ. ಯಾರು ಏನು ಹೇಳಿದರೂ ಅದೇ ಪದಗಳಲ್ಲಿ ಅವರಿಗೆ ಮರಳಿಸಿ ಹೇಳಿ. "ಅಪ್ಪ ಹಾಸಿಗೆ ಹಿಡಿದಾಗ ಯಾರೂ ಬರಲಿಲ್ಲ ಎನ್ನುತ್ತೀಯ, ಅಲ್ಲವೇ?" ಎಂದು ಕೇಳಿ. ತಮ್ಮ ಮಾತು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಂದಾಗ ಜನರ ಕೋಪ ಇಳಿಯುತ್ತದೆ. ನಡುನಡುವೆ ತಲೆಯಾಡಿಸಿ, ಕಣ್ಣಿನಲ್ಲಿ ಕಣ್ಣಿಟ್ಟು ನೋಡಿ, "ಅರ್ಥವಾಯಿತು" ಎನ್ನುತ್ತಿರಿ.

ಪತ್ರಬರಹಗಾರ

ಮೊದಲು ಮೂಲವಿಷಯ ಸರಿಯಾಗಲಿ. ತಾವು ಮೂರು ಪಾಲು ಎಂದು ಬರೆದಿದ್ದೀರಿ. ಆಸ್ತಿ ತಂದೆಯವರ ಸ್ವಯಾರ್ಜಿತ, ವಿಲ್ ಇಲ್ಲ, ತಾಯಿಯವರು ಇದ್ದಾರೆ ಎಂದಾದರೆ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮಪಾಲು ಬರುತ್ತದೆ. ಅಂದರೆ ನಾಲ್ಕು ಪಾಲು. 140 ಗುಂಟೆಯಲ್ಲಿ ತಲಾ 35 ಗುಂಟೆ. ಮಗಳಿಗೆ ಮದುವೆಗೆ ಖರ್ಚು ಮಾಡಿದ್ದೇವೆ, ಒಡವೆ ಹಾಕಿದ್ದೇವೆ ಎಂದು ಅವಳ ಪಾಲಿನಲ್ಲಿ ಕಳೆಯಲು ಬರುವುದಿಲ್ಲ. ಸರ್ವೆ ನಂಬರನ್ನು ಒಡೆದು ನೋಂದಣಿ ಮಾಡಿಸುವುದಾದರೆ 11ಇ ನಕ್ಷೆ ಬೇಕು, ಅದಕ್ಕೆ ಈಗಲೇ ಅರ್ಜಿ ಕೊಡಿ. ಕಾಗದಪತ್ರ ಸರಿಯಾದರೆ ಜಗಳ ತಾನಾಗಿಯೇ ನಿಲ್ಲುತ್ತದೆ ಎನ್ನುವುದು ನನ್ನ ಅನುಭವ.

ಸಂಧಾನ

ನಾನು ವಕೀಲೆ. ನ್ಯಾಯಾಲಯಗಳು ಕಳುಹಿಸುವ ಆಸ್ತಿ ವಿಭಾಗದ ದಾವೆಗಳಲ್ಲಿ ಹಲವು ವರ್ಷಗಳಿಂದ ಮಧ್ಯಸ್ಥಿಕೆ ಮಾಡುತ್ತಿದ್ದೇನೆ. ಪತ್ರಬರಹಗಾರರು ಪ್ರಶ್ನೆಗೆ ಉತ್ತರಿಸಿಲ್ಲ, ಆದರೆ ಪ್ರಶ್ನೆಗಿಂತ ದೊಡ್ಡದನ್ನು ಎತ್ತಿ ತೋರಿಸಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಿವಿಮಾತು ಅವರ ಸಲಹೆ ಅರ್ಧ ಸರಿ. ಒಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿಕೊಂಡಾಗ ಅವರ ಮಾತನ್ನು ಅವರದೇ ಪದಗಳಲ್ಲಿ ಮರಳಿಸುವುದು ಒಳ್ಳೆಯದು. ಆದರೆ ಎದುರಾಳಿ ಅದೇ ಚಾಪೆಯ ಮೇಲೆ ಕುಳಿತಿರುವಾಗ ಆರೋಪವನ್ನು ಹಾಗೆಯೇ ಮರಳಿಸಿದರೆ, ಒಮ್ಮೆ ಚುಚ್ಚಿದ ಮಾತು ಹಿರಿಯರ ಬಾಯಿಯಿಂದ ಎರಡನೆಯ ಸಲ ಚುಚ್ಚುತ್ತದೆ ಮತ್ತು ಅದಕ್ಕೆ ಹಿರಿಯರ ಮುದ್ರೆಯೂ ಬೀಳುತ್ತದೆ. "ಅರ್ಥವಾಯಿತು" ಎನ್ನುವ ಮಾತಿನ ಕಷ್ಟವೂ ಇದೇ. ನಮ್ಮ ಮನೆಗಳಲ್ಲಿ ಮಾವನೋ ದೊಡ್ಡಪ್ಪನೋ "ಅರ್ಥವಾಯಿತು" ಎಂದರೆ "ಒಪ್ಪಿದೆ" ಎಂದೇ ಕೇಳಿಸುತ್ತದೆ. ನಿಮ್ಮ ಅಕ್ಕನ ಮಗಳಿಗೆ ಹಾಗೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬೈಠಕ್ಕಿನಲ್ಲಿ ಮಾಡಬೇಕಾದುದು ಬೇರೆ. ಮಾತಿನೊಳಗಿನ ಬೈಗುಳವನ್ನು ಬಿಟ್ಟು, ಅದರ ಹಿಂದಿರುವ ಅಳಲನ್ನು ಹಿಡಿದು, ಎಲ್ಲರೂ ಸೇರಿ ಉತ್ತರ ಹುಡುಕಬಹುದಾದ ಪ್ರಶ್ನೆಯಾಗಿ ಇಡಬೇಕು. ತರಬೇತಿಯಲ್ಲಿ ನಾವು ಇದನ್ನು ಮರುನಿರೂಪಣೆ ಎನ್ನುತ್ತೇವೆ. ಹಿರಿಯವನ ಮಾತನ್ನೇ ತೆಗೆದುಕೊಳ್ಳಿ. "ಯಾರೂ ಬರಲಿಲ್ಲ" ಎನ್ನುವುದು ತಂಗಿ ತಮ್ಮಂದಿರ ಮೇಲಿನ ಆರೋಪ. ಅದರ ಹಿಂದಿರುವುದು, ಅಪ್ಪನನ್ನು ನೋಡಿಕೊಂಡ ವರ್ಷಗಳಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲವಲ್ಲ ಎನ್ನುವ ನೋವು. ಹಾಗಾಗಿ, "ಅಪ್ಪನನ್ನು ನೋಡಿಕೊಂಡದ್ದು ಈ ಮಾತುಕತೆಯಲ್ಲಿ ಎಲ್ಲೂ ಕಾಣುತ್ತಿಲ್ಲ ಎಂದು ನಿನಗೆ ಅನ್ನಿಸುತ್ತಿದೆ. ನಾನು ಸರಿಯಾಗಿ ಕೇಳಿಸಿಕೊಂಡೆನೋ?" ಎಂದು ಕೇಳಬಹುದು. ಕೊನೆಯ ಆ ಪ್ರಶ್ನೆಯನ್ನು ಎಂದಿಗೂ ಬಿಡಬೇಡಿ. ಅದನ್ನು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಅವನು "ಹೌದು, ಅದೇ" ಎನ್ನಬಹುದು, ಇಲ್ಲವೇ "ಅಲ್ಲ, ನಾನು ಹೇಳಿದ್ದು ಅದಲ್ಲ" ಎಂದು ತಿದ್ದಬಹುದು. ತಿದ್ದಿದರೆ ಬೇಸರ ಪಡಬೇಡಿ, ಹೆಚ್ಚಿನ ಸಲ ನಿಜವಾದ ವಿಷಯ ಹೊರಬರುವುದು ಆ ತಿದ್ದುಪಡಿಯಲ್ಲೇ.

ಕೇಳಿಸಿಕೊಂಡಿದ್ದೇವೆಯೋ ಇಲ್ಲವೋ ಎಂದು ತಿಳಿಯಲು ನಾನು ನಂಬಿರುವ ಗುರುತು ಒಂದಿದೆ. ಒಬ್ಬ ವ್ಯಕ್ತಿ ಒಂದೇ ವಾಕ್ಯವನ್ನು ಮೂರನೆಯ ಸಲ ಹೇಳುತ್ತಿದ್ದರೆ ಅವರಿಗೆ ಇನ್ನೂ ಕಿವಿ ಸಿಕ್ಕಿಲ್ಲ ಎಂದರ್ಥ. ಸಿಕ್ಕಾಗ ಮಾತು ಮುಂದಕ್ಕೆ ಹೋಗುತ್ತದೆ. "ಯಾವಾಗಲೂ ಹೀಗೇ" ಎನ್ನುತ್ತಿದ್ದವರು "ಆ ಶ್ರಾವಣದಲ್ಲಿ, ಆಸ್ಪತ್ರೆಗೆ ಸೇರಿಸಿದಾಗ" ಎಂದು ಒಂದು ದಿನವನ್ನು ಹೆಸರಿಸಿ ಮಾತನಾಡಲು ಶುರುಮಾಡುತ್ತಾರೆ.

ಅಟ್ಟದ ಕಾಯಿಯ ವಿಷಯದಲ್ಲಿ ಮಾತ್ರ ಈ ಜಾಣ್ಮೆಯನ್ನು ತೋರಿಸಬೇಡಿ. ಲೆಕ್ಕ ಕೇಳುವುದು ಭಾವನೆಯಲ್ಲ. ಅದನ್ನು "ನಿನಗೆ ನಂಬಿಕೆ ಬೇಕಾಗಿದೆ" ಎಂದು ಮೃದುಗೊಳಿಸಿದರೆ ಕೇಳಿದವಳಿಗೆ ಅವಮಾನ. "ಅಟ್ಟದ ಕಾಯಿಯನ್ನು ಎಲ್ಲರ ಎದುರು ಎಣಿಸಿ ಬರೆದಿಡೋಣ, ಯಾವ ದಿನ?" ಎಂದು ನೇರವಾಗಿ ಕೇಳಿ. ಎಣಿಸಿ ಮುಗಿಸಬಹುದಾದದ್ದನ್ನು ಎಣಿಸಿಬಿಡಬೇಕು.

ಈಗ ಪತ್ರಬರಹಗಾರರು ಎತ್ತಿದ ವಿಷಯ. ಮಾವನವರೇ, ನಿಮ್ಮ ಅಕ್ಕನವರು ಆ ದಿನ ಎಲ್ಲಿ ಕುಳಿತಿದ್ದರು, ಏನು ಹೇಳಿದರು?

ತಿಪಟೂರಿನ ಮಾವ

ತಮ್ಮ ಕೊನೆಯ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಕ್ಕ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತಿದ್ದರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಡಹುಟ್ಟಿದ ಅಕ್ಕನ ಪಾಲನ್ನು ನಾನೇ ಮರೆತು "ಮೂರು ಪಾಲು" ಎಂದು ಬರೆದಿದ್ದೆ. ಮೂವರು ಮಕ್ಕಳೂ ಹಾಗೆಯೇ ಮಾತನಾಡುತ್ತಿದ್ದರು.

ಸಂಧಾನ

ಇದು ನಿಮ್ಮೊಬ್ಬರ ಮರೆವಲ್ಲ, ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ. ಆದರೆ ಇದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಅಕ್ಕನವರಿಗೂ ಪಾಲಿದೆ ಎಂದ ಮೇಲೆ ನೀವು ಒಬ್ಬ ಪಾಲುದಾರರ ತಮ್ಮ. ಅದನ್ನು ನೀವೇ ಬಾಯಿ ಬಿಟ್ಟು ಹೇಳಿ, ನಾನು ನಡುವೆ ಕೂರುವುದು ನಿಮಗೆಲ್ಲ ಸಮ್ಮತವೇ ಎಂದು ಮೂವರನ್ನೂ ಕೇಳಬೇಕು. ಯಾರಾದರೂ ಬೇಡವೆಂದರೆ ಬೇರೆಯವರನ್ನು ಹುಡುಕಿ. ಬೈಠಕ್ಕಿಗೆ ಮೊದಲು ನಾಲ್ವರನ್ನೂ ಒಬ್ಬೊಬ್ಬರನ್ನಾಗಿ, ಹೆಚ್ಚುಕಡಿಮೆ ಸಮ ಹೊತ್ತು ಕೂರಿಸಿಕೊಂಡು ಕೇಳಿ. ಪ್ರತಿಯೊಬ್ಬರ ಮಾತು ಮುಗಿದ ಮೇಲೂ, "ಇದರಲ್ಲಿ ಯಾವುದನ್ನು ಉಳಿದವರ ಮುಂದೆ ಹೇಳಬಹುದು, ಯಾವುದನ್ನು ಹೇಳಬಾರದು?" ಎಂದು ಕೇಳಿಕೊಳ್ಳಿ.

ತೋಟದಲ್ಲಿ ಉಳಿದವನು

ನಾನು ಆ ಹಿರಿಯ ಮಗನ ಸ್ಥಾನದಲ್ಲಿರುವವನು. ನಮ್ಮದು ಹಾಸನ ಕಡೆ. ನಾನು ಬರೆಯುವುದು ಒರಟಾಗಿ ಕಂಡರೆ ಕ್ಷಮಿಸಿ. "ನಿನಗೆ ನೋವಾಗಿದೆ" ಎಂದು ಹಿರಿಯರು ನಯವಾಗಿ ಹೇಳುವುದು ನಮಗೆ ಚೆನ್ನಾಗಿ ಗೊತ್ತು. ಅದರ ನಂತರ "ಆದರೂ" ಎನ್ನುವ ಮಾತು ಬರುತ್ತದೆ, ಪಾಲು ಮಾತ್ರ ಸಮ ಸಮ ಆಗುತ್ತದೆ. ಕೊಳವೆಬಾವಿ ಕೊರೆಸಲು ನಾನು ಮಾಡಿದ ಸಾಲ ಇನ್ನೂ ತೀರಿಲ್ಲ. ಅದೇ ನೀರು ಕುಡಿದ ಮರದ ಪಾಲು ಎಲ್ಲರಿಗೂ ಬೇಕು. ನನ್ನ ದುಡಿಮೆಗೆ ಒಂದು ಸಂಖ್ಯೆ ಬರುವವರೆಗೆ ಎಷ್ಟು ಚೆನ್ನಾಗಿ ಕೇಳಿಸಿಕೊಂಡರೂ ಅಷ್ಟೇ.

ಸಂಧಾನ

ಒರಟಾಗಿಲ್ಲ ಅಣ್ಣ, ಸರಿಯಾಗಿಯೇ ಹೇಳಿದ್ದೀರಿ. ಆ "ಆದರೂ" ಹಿಂದಿನ ವಾಕ್ಯವನ್ನೆಲ್ಲ ಅಳಿಸಿಹಾಕುತ್ತದೆ. ನಡುವೆ ಕುಳಿತವರು ಆ ಪದವನ್ನು ಬಳಸದಿರುವುದೇ ಮೇಲು. ನೀವು ಹೇಳಿದ್ದರಲ್ಲಿ ಎರಡು ವಿಷಯಗಳು ಬೆರೆತಿವೆ. ಕೊಳವೆಬಾವಿಯ ಸಾಲಕ್ಕೆ ರಸೀದಿ, ಬ್ಯಾಂಕಿನ ಪುಸ್ತಕ ಇರುತ್ತದೆ, ಅದು ಸಂಖ್ಯೆಯಾಗಿಯೇ ಮೇಜಿನ ಮೇಲೆ ಬರಬೇಕು. ತಂದೆಯನ್ನು ನೋಡಿಕೊಂಡ ದುಡಿಮೆಗೆ ರಸೀದಿ ಇರುವುದಿಲ್ಲ. ಅದಕ್ಕೆ ಎಷ್ಟು ಎಂದು ಕಾನೂನು ಹೇಳುವುದಿಲ್ಲ, ಕುಟುಂಬದವರೇ ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ಮೊದಲನೆಯದೂ ಕೈತಪ್ಪುತ್ತದೆ.

ಸಂಪಿಗೆ

ಇಲ್ಲಿ ಎಲ್ಲರೂ ಮಾತನ್ನು ಮೃದು ಮಾಡುವ ವಿದ್ಯೆಯನ್ನು ಹೊಗಳುತ್ತಿರುವುದರಿಂದ ನನ್ನದೂ ಒಂದು ಮಾತು ಇರಲಿ. ಎಂಟು ವರ್ಷಗಳ ಹಿಂದೆ ನಮ್ಮ ತವರಿನಲ್ಲೂ ಹೀಗೆಯೇ ಹಿರಿಯರು ಕುಳಿತಿದ್ದರು. ಯಾರೂ ನನ್ನ ಮೇಲೆ ದನಿ ಏರಿಸಲಿಲ್ಲ. ದೊಡ್ಡಪ್ಪನವರು ಬಹಳ ಪ್ರೀತಿಯಿಂದ, "ನಿನಗೆ ಬೇಕಾಗಿರುವುದು ಮಣ್ಣಲ್ಲ ಮಗಳೇ, ತವರಿನ ಬಾಗಿಲು. ಅದು ಯಾವತ್ತೂ ತೆರೆದಿರುತ್ತದೆ" ಎಂದರು. ನಾನು ಅತ್ತೆ, ಎಲ್ಲರೂ ಅತ್ತರು. ಮರುವಾರ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಅರಿಸಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟರು. ನಾನು ಕೇಳಿದ್ದು ಮಣ್ಣನ್ನೇ. ಗಂಡನ ಕೆಲಸ ಹೋಗಿತ್ತು, ಇಬ್ಬರು ಮಕ್ಕಳಿದ್ದರು, ನನಗೆ ಆ ಪಾಲು ಬೇಕಾಗಿತ್ತು. ಸಂಧಾನ ಅವರು ಮರುನಿರೂಪಣೆ ಎಂದು ಕರೆದದ್ದು ಇದೇ ಅಲ್ಲವೇ? "ತವರು ಬೇಕೋ, ತೋಟ ಬೇಕೋ" ಎಂದು ಕೇಳುವುದೂ ಮಾತನ್ನು ಬೇರೆ ರೂಪದಲ್ಲಿ ಇಡುವುದೇ. ಹಾಗೆ ಇಟ್ಟ ಮೇಲೆ ಹೆಣ್ಣುಮಗಳಿಗೆ ಒಂದೇ ಉತ್ತರ ಉಳಿಯುತ್ತದೆ.

ಕಿವಿಮಾತು

ಅಕ್ಕ, ಅವರು ಒಳ್ಳೆಯ ಉದ್ದೇಶದಿಂದಲೇ ಹೇಳಿರಬಹುದಲ್ಲವೇ? ಸಂಬಂಧ ಉಳಿಯಿತಲ್ಲ.

ಸಂಪಿಗೆ

ಉಳಿದಿದೆ. ಹಬ್ಬಕ್ಕೆ ಹೋಗುತ್ತೇನೆ. ಊಟ ಮುಗಿದ ಮೇಲೆ ಹಿತ್ತಲಿಗೆ ಹೋಗಲು ಮನಸ್ಸಾಗುವುದಿಲ್ಲ, ಅಲ್ಲಿಂದ ತೋಟ ಕಾಣುತ್ತದೆ.

ಸಂಧಾನ

ಸಂಪಿಗೆಯವರೇ, ನಿಮ್ಮ ಮಾತಿಗೆ ನನ್ನ ಬಳಿ ಸುಲಭದ ಉತ್ತರವಿಲ್ಲ, ಏಕೆಂದರೆ ನೀವು ಹೇಳಿದ ತಪ್ಪನ್ನು ಮೊದಲ ವರ್ಷಗಳಲ್ಲಿ ನಾನೂ ಮಾಡಿದ್ದೇನೆ. ಗಂಡುಮಕ್ಕಳು ಪಾಲು ಕೇಳಿದಾಗ ಅದು ಹಕ್ಕಿನ ಮಾತಾಗಿಯೂ, ಹೆಣ್ಣುಮಕ್ಕಳು ಕೇಳಿದಾಗ ಅದು ಪ್ರೀತಿಯ ಕೊರತೆಯಾಗಿಯೂ ನನ್ನ ಕಿವಿಗೆ ಬೀಳುತ್ತಿತ್ತು. ಈಗ ನನಗೆ ನಾನೇ ಹಾಕಿಕೊಂಡಿರುವ ಗೆರೆ ಹೀಗಿದೆ: ಮಾತಿನ ಧಾಟಿಯನ್ನು ಬದಲಿಸಬಹುದು, ಬೇಡಿಕೆಯ ತೂಕವನ್ನು ಬದಲಿಸಬಾರದು. "35 ಗುಂಟೆ" ಎಂದು ಕೇಳಿದವರ ಮಾತನ್ನು ನಾನು ಮರಳಿಸುವಾಗ ಅದರಲ್ಲಿ 35 ಗುಂಟೆ ಇರಲೇಬೇಕು. ಇದೇ ವಾಕ್ಯವನ್ನು ಗಂಡುಮಗನಿಗೆ ಹೇಳುತ್ತಿದ್ದೆನೇ ಎಂದೂ ಕೇಳಿಕೊಳ್ಳುತ್ತೇನೆ. "ನಿನಗೆ ಬೇಕಾಗಿರುವುದು ತೋಟವಲ್ಲ, ತಂಗಿಯ ಪ್ರೀತಿ" ಎಂದು ಯಾರೂ ಅಣ್ಣನಿಗೆ ಹೇಳುವುದಿಲ್ಲ. ನಿಮಗೆ ಆದದ್ದು ಕೇಳಿಸಿಕೊಂಡಂತೆ ಕಾಣುವ ಒತ್ತಡ. ಆದರೆ ನಡುವೆ ಕುಳಿತವರು ಮನೆಯವರೇ ಆಗಿದ್ದಾಗ ಈ ಗೆರೆಯನ್ನು ಕಾಯುವವರು ಯಾರು ಎಂದು ನೀವು ಕೇಳಿದರೆ, ಅದು ನನಗೂ ಬಗೆಹರಿಯದ ಪ್ರಶ್ನೆ.

ಪತ್ರಬರಹಗಾರ

ನಮ್ಮ ಕಡೆ ಹಕ್ಕು ಬಿಡುಗಡೆಗೆ ಬರುವ ಅಕ್ಕತಂಗಿಯರಲ್ಲಿ ಹಲವರು ಪತ್ರ ಓದಿಸಿ ಕೇಳುವುದೇ ಇಲ್ಲ. ನಾನು ಓದಿ ಹೇಳಲು ಹೋದರೆ ಜೊತೆಗೆ ಬಂದವರು, "ಅವಳಿಗೆ ಎಲ್ಲ ಗೊತ್ತು, ಬರೀರಿ" ಎನ್ನುತ್ತಾರೆ. ಸಂಪಿಗೆಯವರ ಬರಹ ಓದಿದ ಮೇಲೆ, ಕಾಗದ ಸರಿಯಾದರೆ ಜಗಳ ನಿಲ್ಲುತ್ತದೆ ಎಂದು ನಾನು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ತಿಪಟೂರಿನ ಮಾವ

ಎರಡನೆಯ ಬೈಠಕ್ಕು ಮೊನ್ನೆ ಭಾನುವಾರ ಆಯಿತು. ಇಲ್ಲಿ ಕಲಿತದ್ದನ್ನು ಹೇಗೆ ಬಳಸಿದೆ, ಎಲ್ಲಿ ಎಡವಿದೆ ಎಂದು ಬರೆಯುವುದು ನನ್ನ ಕರ್ತವ್ಯ.

ಮೊದಲು ಅಕ್ಕನನ್ನು ಕೇಳಿದೆ. ಮುಕ್ಕಾಲು ಗಂಟೆ ಮಾತನಾಡಿದರು. ತೋಟದ ವಿಷಯ ಬಂದದ್ದು ಕೊನೆಯ ಐದು ನಿಮಿಷದಲ್ಲಿ. ಅವರಿಗಿದ್ದ ಭಯವೇ ಬೇರೆ. ಪಾಲು ಆದ ಮೇಲೆ ತನ್ನನ್ನು ಇಂಥ ತಿಂಗಳು ಇಂಥವರ ಮನೆ ಎಂದು ಸರದಿಗೆ ಹಾಕುತ್ತಾರೆ, ಬಟ್ಟೆಯ ಗಂಟು ಹಿಡಿದು ಊರೂರು ತಿರುಗಬೇಕಾಗುತ್ತದೆ ಎಂದು ನೆನೆದು ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ನಾನು ಇರುವವರೆಗೆ ಹೆಂಚಿನ ಮನೆ ನನ್ನದಾಗಿರಲಿ, ಇದನ್ನು ಎಲ್ಲರ ಮುಂದೆ ಹೇಳು ಎಂದರು. ನೀವೇ ಹೇಳಿ, ಪಕ್ಕದಲ್ಲಿ ನಾನಿರುತ್ತೇನೆ ಎಂದೆ. ಬೈಠಕ್ಕಿನಲ್ಲಿ ಅವರೇ ಹೇಳಿದರು. ಈ ಸಲ ಹೊಸ್ತಿಲ ಬಳಿಯಲ್ಲ, ಕಂಬಕ್ಕೆ ಒರಗಿ ನಡುಮನೆಯಲ್ಲಿ ಕುಳಿತಿದ್ದರು.

ನಾನು ನಡುವೆ ಕೂರಬಹುದೇ ಎಂದು ಮೂವರನ್ನೂ ಕೇಳಿದಾಗ ಮಗಳು ಕೊಂಚ ಯೋಚಿಸಿ ಒಪ್ಪಿದಳು. ಅಟ್ಟದ ಕಾಯಿಯನ್ನು ಬೆಳಿಗ್ಗೆಯೇ ಎಣಿಸಿದ್ದೆವು, 2,340 ಆಯಿತು. ಅದರ ಬಗ್ಗೆ ಮತ್ತೆ ಯಾರೂ ಮಾತೆತ್ತಲಿಲ್ಲ.

ಹಿರಿಯವನು ಅದೇ ವಾಕ್ಯದಿಂದ ಶುರುಮಾಡಿದ. "ಯಾರೂ ಬರಲಿಲ್ಲ." ನಾನು, "ಅಪ್ಪನನ್ನು ನಾಲ್ಕು ವರ್ಷ ನೀನು ನೋಡಿಕೊಂಡದ್ದು ಈ ಮಾತಿನಲ್ಲಿ ಎಲ್ಲೂ ಕಾಣುತ್ತಿಲ್ಲ ಎಂದು ಅನ್ನಿಸುತ್ತಿದೆ. ಸರಿಯಾಗಿ ಕೇಳಿಸಿಕೊಂಡೆನೋ?" ಎಂದು ಕೇಳಿ ಸುಮ್ಮನಾದೆ. ಅವನು ಬಹಳ ಹೊತ್ತು ನೆಲ ನೋಡುತ್ತಿದ್ದು, "ನಾನಲ್ಲ ಮಾವ, ಅವಳು" ಎಂದು ಒಳಮನೆಯ ಕಡೆ ಕೈ ತೋರಿಸಿದ. "ಅಪ್ಪನ ಬೆನ್ನು ಹುಣ್ಣಾದಾಗ ದಿನಾ ಎರಡು ಹೊತ್ತು ತೊಳೆದವಳು ಅವಳು. ಅವಳ ಹೆಸರನ್ನು ಒಬ್ಬರಾದರೂ ಎತ್ತಿದಿರಾ?" ಮಗಳು ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದಳು. ಜಗಳಕ್ಕೆ ಹೋದಳೇನೋ ಎಂದು ನಾನು ಹೆದರಿದೆ. ಹತ್ತು ನಿಮಿಷದ ಮೇಲೆ ಅತ್ತಿಗೆಯನ್ನು ಕೈಹಿಡಿದು ಕರೆತಂದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಆಮೇಲೆ ತನ್ನ ಮಾತು ಬಂದಾಗ, "ನಾನು ಪಾಲು ಬಿಡುವುದಿಲ್ಲ" ಎಂದು ಸ್ಪಷ್ಟವಾಗಿ ಹೇಳಿದಳು. ಸಂಪಿಗೆಯವರನ್ನು ನೆನೆದು ನಾನು, "ನಿನ್ನ 35 ಗುಂಟೆ ನಿನಗೆ ಬೇಕು, ಅದು ನೋಂದಣಿಯಾಗಬೇಕು" ಎಂದಷ್ಟೇ ಮರಳಿಸಿದೆ. ಅಣ್ಣನ ಮುಖ ಗಂಟಾಯಿತು, ಆದರೆ ಎದ್ದು ಹೋಗಲಿಲ್ಲ.

ಎಡವಿದ್ದು ಕಿರಿಯವನ ವಿಷಯದಲ್ಲಿ. ಅವನು ತೋಟವನ್ನೇ ಮಾರಿ ಹಣ ಹಂಚೋಣ ಎಂದ. ಅಣ್ಣ ಕೆರಳಿದ್ದನ್ನು ಕಂಡು ನಾನು ಆತುರದಲ್ಲಿ, "ಮಾರಲೇಬೇಕು ಎಂದಲ್ಲ, ಅವನಿಗೆ ಹಣದ ತುರ್ತು ಇದೆ, ಅದಕ್ಕೆ ದಾರಿ ಹುಡುಕೋಣ" ಎಂದುಬಿಟ್ಟೆ. ಮಾತೇನೋ ನಯವಾಗಿತ್ತು. ಆದರೆ ಅವನ ಸಾಲದ ಸಂಗತಿಯನ್ನು ಅವನು ನನ್ನೊಬ್ಬನಿಗೇ ಹೇಳಿದ್ದ, ಯಾರಿಗೂ ತಿಳಿಯಬಾರದು ಎಂದಿದ್ದ. ಅವನು ನನ್ನನ್ನು ಒಮ್ಮೆ ನೋಡಿ, ಆಮೇಲೆ ಇಡೀ ಬೈಠಕ್ಕಿನಲ್ಲಿ ಬಾಯಿ ಬಿಡಲಿಲ್ಲ. ಸಂಜೆಯ ರೈಲಿಗೆ ಹೊರಟುಹೋದ. ಫೋನು ಎತ್ತುತ್ತಿಲ್ಲ.

ಸಂಧಾನ

ಅವನ ಮೌನವನ್ನು ಒಪ್ಪಿಗೆ ಎಂದು ಯಾರೂ ತಿಳಿಯದಂತೆ ನೋಡಿಕೊಳ್ಳಿ, ಮೊದಲ ಕೆಲಸ ಅದು. ಅವನಿಲ್ಲದೆ ಮೂರನೆಯ ಬೈಠಕ್ಕು ಕೂಡಿಸಬೇಡಿ. ನಕ್ಷೆಗೆ ಅರ್ಜಿಯನ್ನೂ ಕೊಡಬೇಡಿ, ಅವನ ಬೆನ್ನ ಹಿಂದೆ ನಡೆದಂತಾಗುತ್ತದೆ. ಫೋನಿನಲ್ಲಿ ಆಗುವ ಕೆಲಸವಲ್ಲ, ಬೆಂಗಳೂರಿಗೆ ಹೋಗಿ. "ನೀನು ಗುಟ್ಟಾಗಿ ಹೇಳಿದ್ದನ್ನು ನಾನು ಎಲ್ಲರ ಮುಂದೆ ಹೇಳಿದೆ, ತಪ್ಪು ನನ್ನದು" ಎಂದು ಹೇಳಿ. ಒಳ್ಳೆಯದಕ್ಕೇ ಹೇಳಿದೆ ಎಂಬ ವಿವರಣೆ ಬೇಡ. ನಡುವೆ ಕೂರಲು ನೀವು ಇನ್ನೂ ಸಮ್ಮತವೇ ಎಂದು ಅವನನ್ನು ಹೊಸದಾಗಿ ಕೇಳಿ. ಅವನು ಬೇಡವೆಂದರೆ, ದಾವೆ ಹೂಡುವ ಮೊದಲೇ ಹೊರಗಿನ ಮಧ್ಯಸ್ಥರ ಬಳಿ ಹೋಗಲು ನಿಮಗೆ ದಾರಿ ಇದೆ.

ತೋಟದಲ್ಲಿ ಉಳಿದವನು

ಮಾವನವರೇ, ಕೊಳವೆಬಾವಿಯ ಮಾತು ಬಂತೇ? ನಾಲ್ಕು ಪಾಲಿಗೆ ಒಂದೇ ಬಾವಿ. ನೀರಿನ ಸರದಿಯನ್ನೂ ಕರೆಂಟ್ ಬಿಲ್ಲನ್ನೂ ಪಾಲುಪತ್ರದಲ್ಲಿ ಬರೆಯದೆ ಬಿಟ್ಟರೆ ಮುಂದಿನ ಬೇಸಿಗೆಗೆ ಮತ್ತೆ ಕೂರಬೇಕಾಗುತ್ತದೆ.

ತಿಪಟೂರಿನ ಮಾವ

ಬಾವಿಯ ಮಾತು ಇನ್ನೂ ಬಂದಿಲ್ಲ. ನಾಳೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟಿದ್ದೇನೆ. ಅಕ್ಕ ಕಿರಿಯವನಿಗೆಂದು ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಿದ್ದಾರೆ. ಮಾತಿಗೆ ಮೊದಲು ಕೊಡಬೇಕೋ, ಆಮೇಲೆ ಕೊಡಬೇಕೋ ತಿಳಿಯುತ್ತಿಲ್ಲ.

ಸಂಪಿಗೆ

ಆಮೇಲೆ ಕೊಡಿ ಮಾವನವರೇ. ಮೊದಲೇ ಕೊಟ್ಟರೆ ಅವನಿಗೆ ಕೋಪ ಮಾಡಿಕೊಳ್ಳಲು ಜಾಗವಿರುವುದಿಲ್ಲ.